ಅಕ್ಕ ನಿಂತ ಭಂಗಿ

ವಿಡಿಯೋ ಗೇಮಿನ ಯೋಧೆಗೆ ನಡಿಗೆ ಕೊಟ್ಟವಳು ಅಕ್ಕ. ಮೈಯ ಚಲನೆ ದಾಖಲಿಸುವ ಸೆನ್ಸರ್ ಉಡುಪು ತೊಟ್ಟು ಸ್ಟುಡಿಯೋ ತುಂಬ ಓಡಾಡಿದ್ದಳು. ಕಿಡ್ನಿ ಕೈಕೊಟ್ಟು ಅವಳು ತೀರಿಕೊಂಡ ಮೇಲೆ, ಆ ಚಲನೆಗಳನ್ನು ಜೋಡಿಸುವ ಕೆಲಸ ಅಲ್ಲಿಯೇ ಪ್ರೋಗ್ರಾಮರ್ ಆಗಿದ್ದ ತಂಗಿಯ ಪಾಲಿಗೆ ಬಂತು.

ಸ್ಟೇಟ್ ಮಷಿನ್ ಎಂಬ ಹಳೆಯ ವ್ಯವಸ್ಥೆಯಲ್ಲಿ ನಡೆ, ಓಡು, ನಿಲ್ಲು ಎಂಬ ಸ್ಥಿತಿಗಳಿಗೆ ಆಯ್ದು ಕತ್ತರಿಸಿದ ತುಣುಕುಗಳಷ್ಟೇ ಇದ್ದವು. ಒಂದರಿಂದ ಇನ್ನೊಂದಕ್ಕೆ ದಾಟುವ ನಿಯಮವನ್ನೂ ಕೈಯಾರೆ ಬರೆಯಬೇಕಿತ್ತು. ತಂಗಿ ಮೋಷನ್ ಮ್ಯಾಚಿಂಗ್ ಎಂಬ ಹೊಸ ವಿಧಾನ ತಂದು, ಅಕ್ಕನ ರೆಕಾರ್ಡಿಂಗನ್ನೆಲ್ಲ ಇಡಿಯಾಗಿ ಅದಕ್ಕೆ ಕೊಟ್ಟಳು. ಯೋಧೆಯ ಪಾದಗಳು ಈಗ ಎಲ್ಲಿವೆ, ಎಷ್ಟು ವೇಗದಲ್ಲಿವೆ, ಮುಂದಿನ ದಾರಿ ಯಾವುದು ಎಂದು ನೋಡಿ, ಅದಕ್ಕೆ ಅತಿ ಹತ್ತಿರದ ಭಂಗಿಯನ್ನು ರೆಕಾರ್ಡಿಂಗಿನಲ್ಲಿ ಹುಡುಕಿ, ಅಲ್ಲಿಂದ ಮುಂದಿನ ಚಲನೆಯನ್ನು ಅದು ಆಡಿಸುತ್ತಿತ್ತು.

ಪರೀಕ್ಷೆಯ ದಿನ ಓಡುತ್ತಿದ್ದ ಯೋಧೆಯನ್ನು ನಿಲ್ಲಿಸಿದಾಗ, ಅವಳು ಸೊಂಟ ಹಿಡಿದು ಬಾಗಿ ನಿಂತಳು. ಕಾಲಿನ ಲೆಕ್ಕ ಸರಿಯಾಗಿಯೇ ಇತ್ತು. ಕೈ ಎಲ್ಲಿದೆ ಎಂದು ಹುಡುಕಾಟ ನೋಡುತ್ತಿರಲಿಲ್ಲ.

“ಇದ್ಯಾಕೆ ಹೀಗೆ ನಿಲ್ತಾಳೆ?” ಎಂದ ಡೈರೆಕ್ಟರ್.

“ಟೇಕ್ ಮುಗಿದ್ಮೇಲಿಂದು ಸರ್. ಮೊದ್ಲು ಕತ್ತರಿಸಿ ಬಿಸಾಡ್ತಿದ್ವಿ.” ತಂಗಿ ಪರದೆಯ ಮೇಲೆ ಸೊಂಟ ಹಿಡಿದ ಆ ಕೈಯನ್ನು ತೋರಿಸಿದಳು. “ಅಕ್ಕಂಗೆ ಆಗ್ಲೇ ನೋವಿತ್ತು. ನಮಗ್ಯಾರಿಗೂ ಹೇಳ್ಲೇ ಇಲ್ಲ.”

“ತೆಗೀಲೇಬೇಕಲ್ಲಮ್ಮಾ,” ಎಂದ ಅವನು ಮೆಲ್ಲಗೆ.

ಅವಳು ಆ ಫ್ರೇಮುಗಳನ್ನು ಹುಡುಕಾಟದಿಂದ ಹೊರಗಿಟ್ಟಳು. ಈ ಸಲ ಯೋಧೆ ಬೇರೊಂದು ಟೇಕಿನಿಂದ ನೆಟ್ಟಗೆ ನಿಂತಳು. ಎಲ್ಲರೂ ಸರಿಯಾಯಿತೆಂದರು. ತಂಗಿ ಮುಖ ತೊಳೆದು ಬರುತ್ತೇನೆಂದು ಎದ್ದು ಹೋದಳು.