ನಕ್ಷತ್ರವಿಲ್ಲದ ಚೀಟಿ

ಮಿಲಿಸಾವ್ ಇಪ್ಪತ್ತೆರಡು ವರ್ಷ ಕೊಲುಬಾರಾ ಕಣಿವೆಯ ಮೂರನೇ ದರ್ಜೆಯ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದ. ಎರಡೂ ತಂಡದವರಿಂದ ಬೈಸಿಕೊಂಡು ಬದುಕಿದವನು ಎಂದರೆ ನಿಷ್ಪಕ್ಷಪಾತಿ ಎಂದೇ ಅರ್ಥ, ಎಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದ. ಮೂತ್ರಪಿಂಡಗಳು ಕೈಕೊಟ್ಟು ಡಯಾಲಿಸಿಸ್‌ಗೆ ಬಿದ್ದ ಮೇಲೆ ಮೈದಾನ ಹೋಯಿತು, ಸೀಟಿ ಹೋಯಿತು. ಹಳದಿ ಕಾರ್ಡು, ಕೆಂಪು ಕಾರ್ಡು ಮಾತ್ರ ಅಂಗಿಯ ಜೇಬಿನಲ್ಲೇ ಉಳಿದವು. ಜೇಬಿನಲ್ಲಿ ಉಳಿದದ್ದು ಎಂದಾದರೂ ಹೊರಗೆ ಬಂದೇ ಬರುತ್ತದೆ.

ಆಸ್ಪತ್ರೆಯ ಬಿಳಿ ವ್ಯಾನು ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಹಳ್ಳಿಹಳ್ಳಿ ಸುತ್ತಿ ಡಯಾಲಿಸಿಸ್ ರೋಗಿಗಳನ್ನು ಹೆಕ್ಕಿಕೊಂಡು ಪಟ್ಟಣಕ್ಕೆ ಹೋಗುತ್ತಿತ್ತು. ತಿಂಗಳಿಗೊಮ್ಮೆ, ಯಂತ್ರಕ್ಕೆ ಜೋಡಿಸುವ ಮೊದಲು, ಎಲ್ಲರ ರಕ್ತ ತೆಗೆಯುತ್ತಿದ್ದರು. ಮುಂದಿನ ಸರದಿಯಲ್ಲಿ ಚೀಟಿ ಕೈಗೆ ಬರುತ್ತಿತ್ತು: ಯೂರಿಯಾ, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಫಾಸ್ಫೇಟ್. ಮೇಲಿನ ಗೆರೆ ಮೀರಿದ ಅಂಕಿಯ ಪಕ್ಕ ಲ್ಯಾಬಿನ ಯಂತ್ರ ಒಂದು ನಕ್ಷತ್ರ ಒತ್ತುತ್ತಿತ್ತು. ವ್ಯಾನು ಹೊರಟ ಮೇಲೆ ಚೀಟಿಗಳೆಲ್ಲ ಮಿಲಿಸಾವನ ಕೈಗೆ. ಅವನು ಕನ್ನಡಕ ಏರಿಸಿ, ನಕ್ಷತ್ರ ಎಣಿಸಿ, ತೀರ್ಪು ಕೊಡುತ್ತಿದ್ದ. ಪೊಟ್ಯಾಸಿಯಂ ಏರಿದವನಿಗೆ ಹಳದಿ. ಫಾಸ್ಫೇಟ್ ಏರಿದವಳಿಗೆ ಹಳದಿ. ಎಲ್ಲರ ಕ್ರಿಯಾಟಿನಿನ್ನಿಗೂ ನಕ್ಷತ್ರ, ಅದಕ್ಕೆ ಮಾಫಿ. ಕಡಿಮೆ ನಕ್ಷತ್ರದವರಿಗೆ ಡ್ರೈವರ್ ಪಕ್ಕದ ಸೀಟು.

"ತಿಹೊಮಿರ್, ಪೊಟ್ಯಾಸಿಯಂ ಆರು ಪಾಯಿಂಟ್ ಎರಡು! ಮತ್ತೆ ಒಣ ಪ್ಲಮ್ಮಾ?"

"ಎರಡೇ ಎರಡು ತಿಂದೆ, ರೆಫ್ರಿ."

"ಎರಡು ಹಣ್ಣೋ, ಎರಡು ಮರಾನೋ?"

ವ್ಯಾನು ನಗುತ್ತಿತ್ತು. ತಿಹೊಮಿರ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನ ಚರ್ಮ ದಪ್ಪ, ಹಳದಿ ಕಾರ್ಡು ಅವನಿಗೆ ಬಿಸಿಲಿನ ಹಾಗೆ.

ವಿದೊಸಾವಾಳದ್ದು ಬೇರೆ ಮಾತು. ಅವಳು ಮಿಲಿಸಾವನ ಬೇಲಿಯಾಚೆಯ ಮನೆಯವಳು, ವಿಧವೆ. ಅವಳು ಮಾಡುವ ಗಿಬಾನಿತ್ಸಾ, ಚೀಸು ಮೊಟ್ಟೆ ತುಂಬಿದ ಪದರ ಪದರದ ಪೈ, ತಿಂದವರು ಆ ಬೀದಿಯಲ್ಲಿ ಬೇರೆ ಯಾರ ಮನೆಯ ಗಿಬಾನಿತ್ಸಾವನ್ನೂ ಹೊಗಳಿದ್ದಿಲ್ಲ. ವಸಂತದಲ್ಲಿ ಮೊಮ್ಮಗನ ಹೆಸರಿನ ಸಂತನ ಹಬ್ಬದೂಟ ಮುಗಿದ ವಾರವೇ ರಕ್ತ ಕೊಟ್ಟಳು. ಚೀಸು ತಿಂದರೆ ಏರುವ ಫಾಸ್ಫೇಟ್ ಎರಡು ಪಾಯಿಂಟ್ ಮೂರು ಬಂತು. ಮಿಲಿಸಾವ್ ಸೀಟಿನಿಂದ ಎದ್ದೇ ನಿಂತ. ವ್ಯಾನು ತಿರುವಿನಲ್ಲಿ ಓಲಾಡುತ್ತಿದ್ದರೂ ನಿಂತ.

"ಇದು ಹಳದಿಯಲ್ಲ, ನೇರ ಕೆಂಪು!" ಎಂದು ಕಾರ್ಡನ್ನು ಅವಳ ಮಡಿಲಿಗೆ ಎಸೆದ. "ಚೀಸಿನ ಕಳ್ಳಿ! ಸರ್ಕಾರ ಇವಳಿಗೆ ಯಂತ್ರ ಕೊಟ್ಟಿದೆ, ಇವಳು ಯಂತ್ರಕ್ಕೆ ಗಿಬಾನಿತ್ಸಾ ತಿನ್ನಿಸ್ತಿದಾಳೆ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕುತ್ತಿಗೆಯಿಂದ ಹಣೆಯವರೆಗೆ ಕೆಂಪಾಗಿ, ಕಾರ್ಡನ್ನು ಕೈಚೀಲದೊಳಗೆ ಹಾಕಿಕೊಂಡಳು. ಮಿಲಿಸಾವ್ ವಾಪಸ್ ಕೇಳುವುದನ್ನು ಮರೆತ. ಆಮೇಲೆ ಎಲ್ಲೋ ಬಿದ್ದುಹೋಯಿತೆಂದುಕೊಂಡ.

ಮುಂದಿನ ತಿಂಗಳು ಅವಳ ಫಾಸ್ಫೇಟ್ ಇಳಿಯಿತು. ಅದರ ಮುಂದಿನ ತಿಂಗಳು ಯೂರಿಯಾವೂ ಇಳಿಯಿತು. ಬೇಸಿಗೆ ನಡುವಿನ ಹೊತ್ತಿಗೆ ಪೊಟ್ಯಾಸಿಯಂ, ಫಾಸ್ಫೇಟ್ ಎರಡರ ನಕ್ಷತ್ರವೂ ಮಾಯವಾಗಿ ಚೀಟಿ ಹೆಚ್ಚುಕಮ್ಮಿ ಬೋಳಾಗಿತ್ತು. ಕ್ರಿಯಾಟಿನಿನ್ ಕೂಡ ಎಂಟುನೂರ ಇಪ್ಪತ್ತರಿಂದ ಐನೂರರ ಆಸುಪಾಸಿಗೆ ಬಂದಿತ್ತು. ಮಿಲಿಸಾವ್ ಅವಳಿಗೆ ಮುಂದಿನ ಸೀಟಿಗೆ ಬಡ್ತಿ ಕೊಟ್ಟು, "ನೋಡ್ರೋ, ಒಂದೇ ಒಂದು ಕಾರ್ಡು! ಶಿಸ್ತು ಅಂದ್ರೆ ಇದು," ಎಂದ. ಇದರಲ್ಲಿ ಅರ್ಧ ಹೊಗಳಿಕೆ ಅವಳಿಗೆ, ಉಳಿದರ್ಧ ಯಾರಿಗೆಂದು ಯಾರೂ ಕೇಳಲಿಲ್ಲ.

ವಿದೊಸಾವಾ ಮುಂದಿನ ಸೀಟಿಗೆ ಹತ್ತುವಾಗ ಬಾಗಿಲ ಹಿಡಿ ಹಿಡಿದು ಎರಡು ಸಲ ಉಸಿರೆಳೆದುಕೊಂಡಳು. ವಯಸ್ಸು, ಎಂದು ಎಲ್ಲರೂ ಅಂದುಕೊಂಡರು. ಆಸ್ಪತ್ರೆ ಕೊಡುವ ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಅವಳು ಸದಾ ತಿಹೊಮಿರನಿಗೆ ದಾಟಿಸುತ್ತಿದ್ದಳು. ಧಾರಾಳತನ, ಎಂದು ತಿಹೊಮಿರ್ ಅಂದುಕೊಂಡ.

ಆಗಸ್ಟಿನ ಚೀಟಿ ಬಂದ ದಿನ ಡಾಕ್ಟರ್ ನೇದಾ ಹಾಸಿಗೆ ಹಾಸಿಗೆಗೆ ಬಂದು ನೋಡುತ್ತಿದ್ದರು. ಮಿಲಿಸಾವ್ ಮತ್ತು ವಿದೊಸಾವಾ ಅಕ್ಕಪಕ್ಕ, ಇಬ್ಬರ ತೋಳಿಗೂ ಕೊಳವೆ. ಮಿಲಿಸಾವ್ ಬಿಡುವಿದ್ದ ಕೈಯಲ್ಲಿ ಅವಳ ಚೀಟಿ ಎತ್ತಿ ಹಿಡಿದ.

"ಡಾಕ್ಟ್ರೇ, ನಮ್ಮ ಚಾಂಪಿಯನ್ನಿನ ಚೀಟಿ ನೋಡಿ. ಫಾಸ್ಫೇಟ್ ಸೊನ್ನೆ ಪಾಯಿಂಟ್ ಎಂಟು! ಈ ತಿದ್ದುಪಾಟಿನಲ್ಲಿ ನನ್ನದೂ ಸ್ವಲ್ಪ ಕೈ ಇದೆ."

ನೇದಾ ನಗುತ್ತಲೇ ಚೀಟಿ ತೆಗೆದುಕೊಂಡರು. ಮೇಲಿನಿಂದ ಕೆಳಗೆ ಓದಿದರು. ಆಮೇಲೆ ಕೆಳಗಿನಿಂದ ಮೇಲೆ. ನಗು ಎಲ್ಲಿ ಇಳಿದುಹೋಯಿತೋ ತಿಳಿಯಲಿಲ್ಲ.

"ವಿದಾ ಅಮ್ಮ, ಇತ್ತೀಚೆಗೆ ಮೂತ್ರ ಏನಾದ್ರೂ ಹೆಚ್ಚಾಗಿ ಬರ್ತಿದ್ಯಾ?"

"ಎಲ್ಲಿಂದ ಬರತ್ತೆ ತಾಯಿ. ದಿನಕ್ಕೆ ಒಂದು ಕಾಫಿ ಲೋಟದಷ್ಟು ಇತ್ತು, ಈಗ ಅದೂ ಇಲ್ಲ."

"ಯಂತ್ರದ ಹೊತ್ತು ಹೆಚ್ಚಿಸಿಲ್ಲ. ಸೂಜಿ, ಫಿಲ್ಟರು ಎಲ್ಲ ಅದೇ." ಇದನ್ನು ನೇದಾ ತಮಗೆ ತಾವೇ ಹೇಳಿಕೊಂಡರು. "ಹಾಗಾದ್ರೆ ಯೂರಿಯಾ ಇಪ್ಪತ್ನಾಲ್ಕರಿಂದ ಒಂಬತ್ತಕ್ಕೆ ಹೇಗೆ ಬಂತು?"

"ಕಮ್ಮಿಯಾಗಿದ್ದು ಒಳ್ಳೇದೇ ಅಲ್ವಾ?" ಎಂದ ಮಿಲಿಸಾವ್.

"ಯೂರಿಯಾ ಬರೋದು ತಿಂದ ಮಾಂಸ, ಮೊಟ್ಟೆ, ಹಾಲಿನಿಂದ. ಕ್ರಿಯಾಟಿನಿನ್ ಬರೋದು ಮೈಯೊಳಗಿನ ಸ್ನಾಯುವಿನಿಂದ. ತೊಳೆಯೋದು ಹೆಚ್ಚಾಗದೆ ಎರಡೂ ಕುಸಿದ್ರೆ, ಒಳಗೆ ಬರೋದು ನಿಂತಿದೆ, ಇದ್ದದ್ದು ಕರಗ್ತಿದೆ ಅಂತ. ಪೊಟ್ಯಾಸಿಯಂ ಮೂರೂವರೆಯ ಹತ್ತಿರ, ಫಾಸ್ಫೇಟ್ ತಳದಲ್ಲಿ. ನಕ್ಷತ್ರ ಇಲ್ಲ, ಸರಿ. ಕಿಡ್ನಿ ಚೆನ್ನಾಗಿರೋರಿಗೆ ಇದು ಒಳ್ಳೇ ಅಂಕಿ. ಇವರಿಗೆ ಇದು ಖಾಲಿ ತಟ್ಟೆ."

ಅವರು ಹೊದಿಕೆ ಸರಿಸಿ ವಿದೊಸಾವಾಳ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಕುಳಿ ಬಿತ್ತು. ತುಂಬಿಕೊಳ್ಳಲಿಲ್ಲ.

"ತೂಕ ಮಾತ್ರ ಇಳಿದೇ ಇಲ್ಲ ಡಾಕ್ಟ್ರೇ," ಎಂದಳು ವಿದೊಸಾವಾ ತಪ್ಪಿಸಿಕೊಳ್ಳುವವಳ ಹಾಗೆ. "ಪ್ರತಿ ಸಲ ನೀರು ತೆಗೆದು, ನೀವು ಹಾಕಿಕೊಟ್ಟ ಅರವತ್ತೆಂಟು ಕಿಲೋಗೇ ತಂದು ಕಳಿಸ್ತಾರೆ."

"ಅದೇ ಮೋಸ. ಮಾಂಸ ಹೋದ ಜಾಗಕ್ಕೆ ನೀರು ಬಂದು ಕೂತಿದೆ. ತಕ್ಕಡಿಗೆ ಎರಡೂ ಒಂದೇ. ಆದ್ರೆ ಸೋಡಿಯಂ ಸುಳ್ಳು ಹೇಳಿಲ್ಲ ನೋಡಿ, ನೂರ ಮೂವತ್ತಕ್ಕಿಳಿದಿದೆ, ನೀರು ಬೆರೆತ ಸಾರಿನ ಹಾಗೆ. ಕ್ಯಾಲ್ಸಿಯಮ್ಮೂ ಕಮ್ಮಿ. ಅದರಲ್ಲಿ ಅರ್ಧದಷ್ಟು ರಕ್ತದ ಪ್ರೋಟೀನಿನ ಹೆಗಲೇರಿ ತಿರುಗೋದು, ಹೊರೋರೇ ಕಮ್ಮಿಯಾಗಿರಬೇಕು. ಆ ಪ್ರೋಟೀನನ್ನ ಇವತ್ತೇ ಅಳೆಸ್ತೀನಿ." ಅವರು ಚೀಟಿ ಮಡಿಸಿದರು. "ಹೋದ ತಿಂಗಳ ಚೀಟಿಗೆ 'ಚೆನ್ನಾಗಿದೆ' ಅಂತ ಸಹಿ ಹಾಕಿದ್ದು ನಾನೇ. ಒಂದೊಂದೇ ಸಾಲು ನೋಡಿದೆ. ಒಟ್ಟಿಗೆ ಓದಲಿಲ್ಲ."

"ನಿನ್ನೆ ಏನು ತಿಂದ್ರಿ?" ಎಂದು ಆಮೇಲೆ ಮೆಲ್ಲಗೆ ಕೇಳಿದರು.

"ಚಹಾ. ಎರಡು ರಸ್ಕು."

"ಮತ್ತೆ?"

"ಫಾಸ್ಫೇಟ್ ಇಳಿಸೋ ಮಾತ್ರೆ."

"ಅದು ಊಟದ ಜೊತೆ ನುಂಗೋದು, ಊಟದ ಬದಲಿಗಲ್ಲ! ಇವತ್ತಿಂದ ಮಾತ್ರೆ ನಿಲ್ಲಿಸಿ, ಮತ್ತೆ ರಕ್ತ ನೋಡಿ ಹೇಳ್ತೀನಿ. ಮೊಟ್ಟೆ, ಕೋಳಿ, ಬೇಯಿಸಿ ನೀರು ಬಸಿದ ಮಾಂಸ ಶುರುಮಾಡಿ. ಒಮ್ಮೆಲೇ ಬೇಡ, ಸ್ವಲ್ಪ ಸ್ವಲ್ಪ. ನೀರನ್ನೂ ನಿಧಾನಕ್ಕೆ ಇಳಿಸ್ತೀವಿ. ಹೀಗೇ ಬಿಟ್ಟಿದ್ರೆ ಚಳಿಗಾಲ ಕಾಣ್ತಿರಲಿಲ್ಲ ವಿದಾ ಅಮ್ಮ. ಯಾಕೆ ತಿನ್ನೋದು ಬಿಟ್ರಿ?"

ವಿದೊಸಾವಾ ಛಾವಣಿ ನೋಡಿದಳು. "ಹಸಿವಿಲ್ಲ," ಎಂದಳು.

ಪಕ್ಕದ ಹಾಸಿಗೆಯ ಕಡೆ ಒಂದು ಸಲವೂ ತಿರುಗಲಿಲ್ಲ. ಅವಳು ತಿರುಗಿ ನೋಡಿದ್ದರೆ, ಬೈದಿದ್ದರೆ, ಮಿಲಿಸಾವ್ ಏನಾದರೂ ವಾದ ಹೂಡುತ್ತಿದ್ದ. ಬೈಗುಳದ ಜೊತೆ ಅವನಿಗೆ ಹಳೆಯ ಸ್ನೇಹವಿತ್ತು. ಅವಳು ಕೆಂಪು ಕಾರ್ಡಿನ ಮಾತೆತ್ತದೆ ಅವನ ತಪ್ಪನ್ನು ಮುಚ್ಚಿಡುತ್ತಿದ್ದಾಳೆಂಬುದು ಹೊಳೆದಾಗ ಮಾತ್ರ, ತೋಳಿನಲ್ಲಿ ಸೂಜಿ ಇದ್ದುದರಿಂದ ಎದ್ದು ಓಡಲಾಗದೆ, ಮುಖ ಮುಚ್ಚಿಕೊಳ್ಳಲು ಒಂದೇ ಕೈ ಇದ್ದುದರಿಂದ ಅರ್ಧವೇ ಮುಚ್ಚಿಕೊಂಡು ಬಿದ್ದುಕೊಂಡ. ಯಂತ್ರ ಅವನ ರಕ್ತವನ್ನು ತೊಳೆಯುತ್ತಲೇ ಇತ್ತು. ತೊಳೆಯಬೇಕಾದದ್ದು ಅಲ್ಲಿರಲಿಲ್ಲ.

ಎದುರು ಹಾಸಿಗೆಯ ತಿಹೊಮಿರ್ ಆ ದಿನ ಅವಳು ದಾಟಿಸಿದ ಸ್ಯಾಂಡ್‌ವಿಚ್ಚನ್ನು ಬಾಯಿಗೊಯ್ದವನು ಕೆಳಗಿಟ್ಟ.

ಮರುದಿನ ಮಧ್ಯಾಹ್ನ ಮಿಲಿಸಾವ್ ಹನ್ನೆರಡು ಮೊಟ್ಟೆಗಳ ಬುಟ್ಟಿ ಹಿಡಿದು ಬೇಲಿ ಸುತ್ತಿ ಅವಳ ಮನೆಗೆ ಹೋದ. ದಾರಿಯಲ್ಲಿ ನಾಲ್ಕು ವಾಕ್ಯ ಹೊಂದಿಸಿಕೊಂಡಿದ್ದ. ಅಡುಗೆಮನೆಯ ಬಾಗಿಲಲ್ಲಿ ನಾಲ್ಕೂ ಮರೆತವು.

ಫ್ರಿಜ್ಜಿನ ಬಾಗಿಲಿನ ಮೇಲೆ, ಕಣ್ಣಿಗೆ ನೇರವಾಗಿ, ಒಂದು ಅಯಸ್ಕಾಂತದ ಕೆಳಗೆ ಅವನ ಕೆಂಪು ಕಾರ್ಡಿತ್ತು. ಅಂಚು ಸವೆದಿತ್ತು. ಒಂದು ಮೂಲೆಯಲ್ಲಿ ಇಪ್ಪತ್ತೆರಡು ವರ್ಷಗಳ ಬೆವರಿನ ಕಲೆ ಅವನದೇ.

"ಪ್ರತಿ ಸಲ ಬಾಗಿಲು ತೆಗೆಯೋ ಮುಂಚೆ ನೋಡ್ತಿದ್ದೆ," ಎಂದಳು ವಿದೊಸಾವಾ. ಅವಳ ದನಿಯಲ್ಲಿ ದೂರು ಇರಲಿಲ್ಲ, ಹವಾಮಾನ ಹೇಳಿದ ಹಾಗಿತ್ತು. "ನೋಡಿದ್ರೆ ಬಾಗಿಲು ತೆಗೆಯೋಕೆ ಮನಸ್ಸಾಗ್ತಿರಲಿಲ್ಲ. ಒಳ್ಳೇ ಔಷಧಿ."

"ವಿದಾ, ನಾನು ತಮಾಷೆಗೆ..."

"ಗೊತ್ತು. ಎಲ್ಲರೂ ನಕ್ಕರಲ್ಲ."

ಅವನು ಕಾರ್ಡಿನ ಕಡೆ ಕೈಚಾಚಿದ. ಅವಳು ಅದರ ಮೇಲೆ ಅಂಗೈ ಇಟ್ಟಳು.

"ಇಲ್ಲಿ ತಗೊಂಡು ಜೇಬಿಗೆ ಹಾಕಿದ್ರೆ ಯಾರಿಗೆ ಗೊತ್ತಾಗತ್ತೆ? ವ್ಯಾನಲ್ಲಿ ಕೊಟ್ಟೆ, ವ್ಯಾನಲ್ಲಿ ತಗೋ."

"ಎಲ್ಲರ ಮುಂದೆ?"

"ನನಗೆ ಅಡುಗೆಮನೇಲಿ ಕೊಟ್ಟಿದ್ಯಾ?"

ಅವನು ಮೊಟ್ಟೆ ಬುಟ್ಟಿ ಮೇಜಿನ ಮೇಲಿಟ್ಟ. ಅವಳು ಅದನ್ನು ಮುಟ್ಟಲಿಲ್ಲ. ಹೊರಡುವಾಗ ಅವನು ತಿರುಗಿ ನೋಡಿದ. ಬುಟ್ಟಿ ಅಲ್ಲೇ ಇತ್ತು, ಅವಳ ಅಂಗೈಯೂ ಅಲ್ಲೇ.

ಆ ರಾತ್ರಿ ಅವನು ಏನೇನೋ ಲೆಕ್ಕ ಹಾಕಿದ. ರೆಫರಿ ತನ್ನ ತೀರ್ಪನ್ನು ತಾನೇ ತಿರುಗಿಸುವುದನ್ನು ಇಡೀ ಕಣಿವೆಯಲ್ಲಿ ಯಾರೂ ಕಂಡಿರಲಿಲ್ಲ. ಕಾಲು ಮುರಿದವನನ್ನು ನಾಟಕ ಎಂದು ಮೈದಾನದಿಂದ ಅಟ್ಟಿದಾಗಲೂ ಅವನು ತಿರುಗಿಸಿರಲಿಲ್ಲ.

ಶುಕ್ರವಾರ ವ್ಯಾನು ಸೇತುವೆ ದಾಟಿದ ಮೇಲೆ ಅವನು ಎದ್ದು ನಿಂತ. ತಿರುವಿನಲ್ಲಿ ಓಲಾಡಿ, ಕಂಬಿ ಹಿಡಿದುಕೊಂಡ.

"ಯಾರ ಚೀಟಿ ಇವತ್ತು?" ಎಂದ ತಿಹೊಮಿರ್ ಅಭ್ಯಾಸಬಲದಿಂದ.

"ನಂದು," ಎಂದ ಮಿಲಿಸಾವ್. "ವಸಂತದಲ್ಲಿ ನಾನು ಇವಳಿಗೆ ಕೆಂಪು ಕಾರ್ಡು ಕೊಟ್ಟೆ. ನೀವೆಲ್ಲ ನೋಡಿದ್ರಿ. ಅದನ್ನ ಫ್ರಿಜ್ಜಿಗೆ ಅಂಟಿಸಿಕೊಂಡು ಇವಳು ಊಟ ಬಿಟ್ಟಳು. ಅಂಕಿ ಇಳೀತಾ ಹೋದ ಹಾಗೆ ನಾನು ಚಪ್ಪಾಳೆ ಹೊಡೆದೆ. ಆರು ಅಂಕಿ ಇದ್ವು, ನಾನು ನಕ್ಷತ್ರ ಮಾತ್ರ ಎಣಿಸಿದೆ. ಚೀಟಿ ಓದೋಕೆ ನನಗೆ ಬರಲ್ಲ. ಬರತ್ತೆ ಅಂತ ನಿಮ್ಮನ್ನೆಲ್ಲ ನಗಿಸಿದೆ. ತೀರ್ಪು ತಪ್ಪು."

ಯಾರೂ ನಗಲಿಲ್ಲ. ಡ್ರೈವರ್ ರೇಡಿಯೋ ಆರಿಸಿದ, ಅದರಿಂದ ಇನ್ನೂ ಕಷ್ಟವಾಯಿತು. ಮುಂದಿನ ಸೀಟಿನಿಂದ ವಿದೊಸಾವಾ, ತಿರುಗದೆಯೇ, ಭುಜದ ಮೇಲಿಂದ ಕಾರ್ಡನ್ನು ಹಿಂದಕ್ಕೆ ಚಾಚಿದಳು. ಅದು ಅವನ ಕೈ ಸೇರಬೇಕಾದರೆ ನಾಲ್ಕು ಜನರ ಕೈ ದಾಟಬೇಕಿತ್ತು. ಒಬ್ಬೊಬ್ಬರೂ ಅದನ್ನು ಬಿಸಿ ಬಾಣಲೆಯ ಹಾಗೆ ಬೇಗ ಬೇಗ ಹಿಂದಕ್ಕೆ ದಾಟಿಸಿದರು. ಅವರೂ ನಕ್ಕಿದ್ದರು.

ಕೊನೆಯದು ತಿಹೊಮಿರನ ಕೈ. ಅವನು ಕಾರ್ಡನ್ನು ಒಂದು ಗಳಿಗೆ ಹಿಡಿದುಕೊಂಡ. "ಚಿಕ್ಕಮ್ಮ, ಆ ಸ್ಯಾಂಡ್‌ವಿಚ್ಚೆಲ್ಲ ತಿಂದೋನು ನಾನು," ಎಂದ. "ನನಗೂ ಒಂದು ಕಾರ್ಡು ಕೊಡಿ."

"ನಿನಗೆ ಪ್ಲಮ್ಮಿನ ಹಳದಿ ಸಾಕು," ಎಂದಳು ವಿದೊಸಾವಾ.

ಆಮೇಲೆ ಕೈಚೀಲ ತೆರೆದು ಕಾಗದದ ಪೊಟ್ಟಣವೊಂದನ್ನು ಬಿಚ್ಚಿದಳು. ಒಳಗೆ ಸುಲಿದ ಬೇಯಿಸಿದ ಮೊಟ್ಟೆ. ಸ್ವಲ್ಪ ಹೊತ್ತು ಅದನ್ನು ನೋಡಿದಳು, ಹಿಂದಿನಿಂದ ಯಾರಾದರೂ ಏನಾದರೂ ಅಂದಾರೆಂದು ಕಾದವಳ ಹಾಗೆ. ಇಡೀ ವ್ಯಾನು ಕಿಟಕಿಯಾಚೆ ನೋಡುತ್ತಿತ್ತು. ಮಿಲಿಸಾವ್ ಮಾತ್ರ ಕಾರ್ಡು ಹಿಡಿದು ನಿಂತೇ ಇದ್ದ, ಕೂರಲು ಯಾರಾದರೂ ಹೇಳಲಿ ಎಂದು.

ಅವಳು ಮೊಟ್ಟೆ ಕಚ್ಚಿದಳು. ಉಪ್ಪಿಲ್ಲದ್ದು, ಒಣ ಒಣ. ನಿಧಾನವಾಗಿ ಅಗಿದು ನುಂಗಿದಳು.

"ಕೂತ್ಕೋ ರೆಫ್ರಿ," ಎಂದಳು. "ಬಿದ್ದೀಯ."