ಒಡೆಯದ ಗಾಜು

ಹೆಂಡತಿ ತೀರಿಹೋದ ಮೇಲೆ ರೈಲು ಸುರಂಗದ ಇನ್ಸ್‌ಪೆಕ್ಟರಿಗೆ ಯಾವುದೂ ಕಷ್ಟವಾಗಲಿಲ್ಲ. ಅದೇ ದೊಡ್ಡ ಕಷ್ಟ. ದುಃಖ ಎಂದರೆ ಅಳು ಎಂದು ಜನ ತಿಳಿದಿರುತ್ತಾರೆ. ಎಲ್ಲಿಯ ಅಳು! ಈ ಮನುಷ್ಯ ಎರಡು ವರ್ಷ ಹೊತ್ತಿಗೆ ಸರಿಯಾಗಿ ಉಂಡ, ಶರ್ಟಿಗೆ ಇಸ್ತ್ರಿ ಹಾಕಿಕೊಂಡ, ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿದ. ಒಳಗೆ ಮಾತ್ರ ಏನೂ ಇರಲಿಲ್ಲ.

ಆ ದಿನ ಬೆಳಗಿನ ಪ್ಯಾಸೆಂಜರ್ ದಾಟಿ ಹೋದ ಮೇಲೆ ತಪಾಸಣೆಗೆಂದು ಎರಡು ಗಂಟೆ ಲೈನ್ ಬಿಟ್ಟುಕೊಟ್ಟಿದ್ದರು. ಆ ಗಾಡಿ ಓಡಿಸುವವಳು ಅವನ ಮಗಳೇ. ದೂರದಿಂದಲೇ ಒಂದು ಹಾರ್ನ್ ಹೊಡೆದು ಹೋಗಿದ್ದಳು.

ನೂರು ವರ್ಷ ದಾಟಿದ ಇಟ್ಟಿಗೆ ಸುರಂಗ. ಎಡಗೋಡೆ ಕಮಾನಾಗಿ ಬಾಗುವ ಕಡೆ ಉದ್ದಕ್ಕೆ ಒಂದು ಬಿರುಕು. ಅದರ ಮೇಲೆ ಅಡ್ಡಲಾಗಿ, ಎರಡು ತುದಿಗೂ ಸಿಮೆಂಟು ಮೆತ್ತಿ ಕೂರಿಸಿದ ತೆಳು ಗಾಜಿನ ಪಟ್ಟಿ. ಗೋಡೆ ಅಲ್ಲಾಡಿದರೆ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಬಿರುಕು ಸುಮ್ಮನಿದೆ ಎಂದು ಲೆಕ್ಕ. ಗಾಜು ಒಡೆದಿರಲಿಲ್ಲ. ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಎರಡು ವರ್ಷದ ಹಿಂದಿನ ತಾರೀಖು. ಇನ್ಸ್‌ಪೆಕ್ಟರ್ ರಿಜಿಸ್ಟರಿನಲ್ಲಿ ‘ಹೋದ ವರ್ಷದಂತೆಯೇ’ ಎಂದು ಬರೆಯಲು ಪೆನ್ನಿನ ಮುಚ್ಚಳವನ್ನೂ ತೆಗೆದ.

ಒಂದು ಹನಿ ನೀರು ಕನ್ನಡಕದ ಮೇಲೆ ಬಿತ್ತು. ಒರೆಸಿಕೊಂಡು ಮತ್ತೆ ನೋಡಿದ. ಬಿರುಕಿನುದ್ದಕ್ಕೂ ನೀರು ಜಿನುಗಿ, ಮೇಲೆ ಕೆಳಗೆ ಎಲ್ಲ ಕಡೆ ಸುಣ್ಣ ಬೆಳ್ಳಗೆ ಗಟ್ಟಿಕಟ್ಟಿತ್ತು. ಗಾಜು ಮಾತ್ರ ನಿನ್ನೆ ತೊಳೆದಿಟ್ಟ ಲೋಟದಂತಿತ್ತು.

“ಮೇಸ್ತ್ರಿ, ಈ ಗಾಜು ಯಾವತ್ತಿಂದು?”

ಏಣಿ ಹಿಡಿದಿದ್ದ ಮೇಸ್ತ್ರಿಯ ಮುಖ ಅರಳಿತು. “ಹೋದ ತಿಂಗಳದ್ದು ಸಾರ್. ಹಳೇದು ಒಡೆದಿತ್ತು. ನೀವು ಬರೋದ್ರೊಳಗೆ ಹೊಸದು ಕೂರಿಸಿಬಿಟ್ಟೆ.”

“ತಾರೀಖು?”

“ರಿಜಿಸ್ಟರ್‌ಗೆ ತಾಳೆ ಆಗ್ಬೇಕಲ್ಲ ಸಾರ್, ಹಳೇದೇ ಬರೆದೆ.”

“ಎಷ್ಟು ಸಲ ಬದಲಾಯಿಸಿದೀಯ?”

“ಈ ತಾರೀಖಿನ ಮೇಲೆ ಮೂರು. ಮೊದಲನೇದು ಹನ್ನೊಂದು ತಿಂಗಳು ಬಾಳಿಕೆ ಬಂತು, ಎರಡನೇದು ಏಳು, ಆಮೇಲಿಂದು ನಾಲ್ಕೇ. ಈಗಿನ ಗಾಜಲ್ಲಿ ದಮ್ಮೇ ಇಲ್ಲ ಬಿಡಿ.”

ಅಯ್ಯೋ ಪುಣ್ಯಾತ್ಮ! ಗಾಜಿನದೇನು ತಪ್ಪು?

“ಯಾರು ಹೇಳಿದ್ದು ನಿಂಗೆ ಬದಲಾಯಿಸು ಅಂತ?”

ಮೇಸ್ತ್ರಿ ತಬ್ಬಿಬ್ಬಾದ. “ನೀವೇ ಸಾರ್. ಅಮ್ಮಾವ್ರು ಹೋದ್ಮೇಲೆ ಮೊದಲನೇ ಸಲ ಬಂದಾಗ. ಒಡೆದ ಗಾಜು ಕಂಡು ಹೆಂಗೆ ಬೈದ್ರಿ! ಇನ್ನೊಂದ್ಸಲ ನನ್ನ ಕಣ್ಣಿಗೆ ಇದು ಬೀಳಬಾರದು ಅಂದ್ರಿ. ಆವತ್ತೇ ಹೊಸದು ಕೂರಿಸಿ ಈ ತಾರೀಖು ಬರೆದೆ.”

ಇನ್ಸ್‌ಪೆಕ್ಟರಿಗೆ ನೆನಪೇ ಇರಲಿಲ್ಲ. ಬೈದದ್ದಷ್ಟೇ ಅಲ್ಲ, ಆ ದಿನ ಸುರಂಗಕ್ಕೆ ಬಂದದ್ದೂ ನೆನಪಿರಲಿಲ್ಲ. ರಿಜಿಸ್ಟರಿನ ಪ್ರಕಾರ ಆಗ ಬಿರುಕಿನ ಅಗಲ ಎರಡು ಮಿಲಿಮೀಟರ್. ಹೋದ ವರ್ಷ ಗಾಜು ನೆಟ್ಟಗಿದೆಯೆಂದು ಅಳೆಯದೆಯೇ ಎರಡು ಎಂದು ಬರೆದಿದ್ದ. ಈಗ ಅಳತೆಪಟ್ಟಿ ಇಟ್ಟ. ಐದು. ಸುತ್ತಿಗೆಯಿಂದ ತಟ್ಟಿದ. ಎರಡು ಮಾರು ಉದ್ದ ಇಟ್ಟಿಗೆಯ ಹಿಂದೆ ಟೊಳ್ಳು ಸದ್ದು. ನೀರು ಹೊರಬರಲು ಬಿಟ್ಟಿದ್ದ ತೂತುಗಳೆಲ್ಲ ಸುಣ್ಣ ಕಟ್ಟಿ ಮುಚ್ಚಿದ್ದವು.

ಏಣಿಯ ಮೇಲಿನಿಂದಲೇ ಸ್ಟೇಷನ್ನಿಗೆ ಫೋನ್ ಮಾಡಿ, ಗಾಡಿಗಳೆಲ್ಲ ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಬಾರದು ಎಂದ.

“ಸಾರ್, ನನ್ನ ಹೆಸರು ಬರೀಬೇಡಿ,” ಎಂದ ಮೇಸ್ತ್ರಿ. “ಮಕ್ಕಳೊಂದಿಗ ನಾನು.”

ಇನ್ಸ್‌ಪೆಕ್ಟರ್ ಅಲ್ಲೇ ಹಳಿಯ ಮೇಲಿನ ಟ್ರಾಲಿಯಲ್ಲಿ ಕೂತು ಬರೆದ. ಬಿರುಕು ಬೆಳೆಯುತ್ತಿದೆ. ಎರಡು ವರ್ಷದಲ್ಲಿ ಗಾಜು ಮೂರು ಸಲ ಒಡೆದಿದೆ, ಪ್ರತಿ ಸಲವೂ ಮೊದಲಿಗಿಂತ ಬೇಗ. ಬಿರುಕಿನ ಎರಡೂ ಬದಿಗೆ ಮೊಳೆ ಕೂರಿಸಿ ದಿನಾ ಅಳೆಯಬೇಕು; ಗೋಡೆಯಿಂದ ಗೋಡೆಗೆ ಅಗಲವನ್ನು ವಾರಕ್ಕೊಮ್ಮೆ ಅಳೆಯಬೇಕು; ನೀರಿನ ತೂತು ಬಿಡಿಸಬೇಕು; ಟೊಳ್ಳು ಜಾಗವನ್ನು ಕೊರೆದು ನೋಡಬೇಕು. ಕೊನೆಗೆ: ಗಾಜು ಬದಲಾದದ್ದು ನನ್ನ ಮಾತಿನಂತೆ. ನನ್ನ ಹೋದ ವರ್ಷದ ವರದಿ ಸುಳ್ಳು. ಸಹಿ ಹಾಕಿದ. ಕೆಲಸ ಹೋಗಬಹುದು ಎಂದು ಗೊತ್ತಿತ್ತು. ಆದರೂ ಒಳಗೆ ಏನೂ ಆಗಲಿಲ್ಲ.

ಸಂಜೆ ಮಗಳು ಮನೆಗೆ ಬಂದು ಬ್ಯಾಗನ್ನು ಕುರ್ಚಿಗೆ ಎಸೆದು, ಊಟಕ್ಕೆ ಕೂತಿದ್ದ ಅಪ್ಪನ ಎದುರು ನೀರಿನ ಲೋಟ ಹಿಡಿದು ಕೂತಳು.

“ಯಾವ ಮಹಾನುಭಾವ ಅಪ್ಪ, ಸುರಂಗದಲ್ಲಿ ಇಪ್ಪತ್ತು ಅಂತ ಹಾಕಿದ್ದು? ಆಮೆ ಥರ ತೆವಳಿಕೊಂಡು ಬಂದೆ. ಜನ ನನಗೇ ಬೈತಾರೆ.”

“ನಾನೇ.”

ಅವಳು ನಗಲು ಹೋಗಿ ನಿಲ್ಲಿಸಿದಳು. “ಹೋದ ವರ್ಷ ಎಲ್ಲಾ ಸರಿಯಾಗಿದೆ ಅಂತ ನೀನೇ ಬರೆದಿದ್ದೆಯಲ್ಲ?”

“ನೋಡದೇ ಬರೆದಿದ್ದೆ.”

ಅವಳು ನೀರಿನ ಲೋಟ ಕೆಳಗಿಟ್ಟಳು.

“ದಿನಕ್ಕೆ ಎರಡು ಸಲ ಹೋಗ್ತೀನಿ ಅಪ್ಪ, ಅದರೊಳಗೆ,” ಎಂದಳು. “ನೀನು ಒಳಗೆ ಕೆಲಸ ಮಾಡ್ತಿರ್ತೀಯೇನೋ ಅಂತ ಪ್ರತಿ ಸಲ ಹಾರ್ನ್ ಹೊಡೀತೀನಿ.”

ಎರಡು ವರ್ಷ. ದಿನಕ್ಕೆ ಎರಡು ಹಾರ್ನ್. ಬೆಳಗ್ಗೆ ಕೇಳಿದ್ದು ಈಗ ಅವನ ಕಿವಿಯೊಳಗೆ ಕೂಗಿತು. ಎದುರಿಗಿದ್ದ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಂಡತಿ ಹೋದ ದಿನ ಅಳದಿದ್ದವನು ಬಿಕ್ಕಿ ಬಿಕ್ಕಿ ಅತ್ತ.