ಶ್ಯಾವಿಗೆ ಒರಳಿಗೆ ಇಬ್ಬರು ಬೇಕು

ಸುಮ್ಮನಿರು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೀಗಿರುವಾಗ ಆಸ್ಪತ್ರೆಯ ಪ್ರವೀಣ್ ನನಗೆ ಕೊಟ್ಟ ಔಷಧಿಯೇ ಅದು. ಕಾಯಿಲೆ ನನ್ನದಲ್ಲ, ಮೊಮ್ಮಗಳು ನಯನಾಳದು.

ಹದಿನಾರು ವರ್ಷದ ಹುಡುಗಿ, ಕಾಲೇಜಿನ ತ್ರೋಬಾಲ್ ತಂಡದಲ್ಲಿದ್ದವಳು. ಮೊದಲು ಆಟ ಬಿಟ್ಟಳು. ಆಮೇಲೆ ಆನೇಮಹಲಿನ ಗೆಳತಿ ಆತಿಕಾಳ ಫೋನು ಎತ್ತುವುದನ್ನು ಬಿಟ್ಟಳು, ಕೊನೆಗೆ ಕಾಲೇಜನ್ನೇ. ಯಾಕೆಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಬೆಳಗೋಡಿನ ನಮ್ಮ ಮನೆಯಲ್ಲಿ ಅವಳ ಅಪ್ಪ ಅಮ್ಮ ಬೆಳಿಗ್ಗೆಯೇ ಎಸ್ಟೇಟಿಗೆ ಹೊರಡುತ್ತಾರೆ. ಹಗಲಿಡೀ ನಾನು, ಅವಳು, ನಡುವೆ ಮುಚ್ಚಿದ ಬಾಗಿಲು. ಮಗು ದಣಿದಿದೆ, ಮನಸ್ಸು ಸರಿಹೋದ ಮೇಲೆ ತಾನೇ ಎದ್ದು ಬರುತ್ತದೆ ಎಂದು ನಾನು ಕಾಫಿ, ಊಟ ಎಲ್ಲವನ್ನೂ ಹಾಸಿಗೆಗೇ ಸಾಗಿಸಿದೆ. ಐದು ತಿಂಗಳಾದರೂ ಅವಳು ಏಳಲಿಲ್ಲ. ಹುಡುಗಿ ಕೈತಪ್ಪಿ ಹೋಗುತ್ತಾಳೆಂದು ನನಗೆ ನಿಜಕ್ಕೂ ಭಯವಾಯಿತು.

ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಹಾಸನದಿಂದ ಮನೋವೈದ್ಯರ ತಂಡ ಬರುತ್ತದೆ. ಡಾಕ್ಟರು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಆಪ್ತ ಸಮಾಲೋಚಕ ಪ್ರವೀಣ್ ಹತ್ತಿರ ಕಳಿಸಿದರು. ಅವರು ನನ್ನನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಿದರು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದರಂತೆ, ಇಲ್ಲ ಎಂದಳಂತೆ. ಆಮೇಲೆ ಒಂದು ಹಾಳೆ ಕೊಟ್ಟರು. ಯಾವ ಹೊತ್ತಿನಲ್ಲಿ ಏನು ಮಾಡಿದೆ, ಆಗ ಮನಸ್ಸು ಹತ್ತಕ್ಕೆ ಎಷ್ಟಿತ್ತು ಎಂದು ಒಂದು ವಾರ ಅವಳೇ ಬರೆಯಬೇಕು.

ಮುಂದಿನ ಮಂಗಳವಾರ ಹಾಳೆ ನೋಡಿದರೆ ತುಂಬಾ ಒಂದು, ಎರಡು. ಮಲಗಿದ್ದೆ, ಒಂದು. ಮೊಬೈಲ್ ನೋಡಿದೆ, ಎರಡು. ಶನಿವಾರ ಸಂಜೆ ಮಾತ್ರ ನಾಲ್ಕು. ಆ ಹೊತ್ತಿನಲ್ಲಿ ಏನಾಯಿತೆಂದು ಪ್ರವೀಣ್ ಕೇಳಿದರು.

"ಶ್ಯಾವಿಗೆ ಒತ್ತಿದೆ," ಎಂದಳು.

ನಡೆದದ್ದು ಇಷ್ಟೆ. ಅಕ್ಕಿ ಹಿಟ್ಟಿನ ಉಂಡೆ ಬೇಯಿಸಿಟ್ಟಿದ್ದೆ, ಒರಳು ತಿರುಗಿಸಲು ಬರುತ್ತೇನೆಂದ ಪಕ್ಕದ ಮನೆ ಕಮಲಮ್ಮ ಕೈಕೊಟ್ಟಳು. ಉಂಡೆ ಆರಿದರೆ ಕಲ್ಲಾಗುತ್ತದೆ, ಒಬ್ಬಳೇ ತಿರುಗಿಸುತ್ತಾ ಎಳೆ ಹಿಡಿಯಲು ನನಗೇನು ನಾಲ್ಕು ಕೈ ಇದೆಯೇ? ಸಿಟ್ಟಿನಲ್ಲಿ ನಯನಾಳನ್ನು ಕೂಗಿಬಿಟ್ಟಿದ್ದೆ. ಐದು ತಿಂಗಳಲ್ಲಿ ನಾನು ಅವಳಿಗೆ ಹೇಳಿದ್ದ ಕೆಲಸ ಅದೊಂದೇ.

ಪ್ರವೀಣ್ ಅವಳನ್ನೇ ಕೇಳಿ ನಿಗದಿ ಮಾಡಿದರು: ಬುಧವಾರ, ಶನಿವಾರ, ಸಂಜೆ ಐದು ಗಂಟೆ, ಹತ್ತು ನಿಮಿಷ ಶ್ಯಾವಿಗೆ.

"ಮನಸ್ಸು ಬರಲಿ ಅಂತ ಕಾಯೋದು ಬೇಡ," ಎಂದರು. "ಮೊದಲು ಕೈ ಹೋಗಲಿ, ಮನಸ್ಸು ಹಿಂದೆ ಬರುತ್ತೆ."

ಬುಧವಾರ ಬಂದು ಒತ್ತಿದಳು. ನನಗೆ ಖುಷಿಯೋ ಖುಷಿ. ಎರಡು ದಿನದಲ್ಲಿ ಇಷ್ಟು ಗುಣವಾದರೆ ದಿನಾ ಒತ್ತಿದರೆ ಇನ್ನೆಷ್ಟು ಎಂದು ಲೆಕ್ಕ ಹಾಕಿ ಗುರುವಾರವೂ ಉಂಡೆ ಬೇಯಿಸಿದೆ, ಶುಕ್ರವಾರವೂ. ಶುಕ್ರವಾರ ಕಮಲಮ್ಮನನ್ನು ಕರೆದು, ನಮ್ಮ ಹುಡುಗಿ ಹೇಗೆ ತಿರುಗಿಸುತ್ತಾಳೆ ನೋಡು ಎಂದು ಹೊಗಳಿದೆ. ಈಗ ಹುಷಾರಾದೆಯಾ ಎಂದು ಗಳಿಗೆಗೊಮ್ಮೆ ಕೇಳಿದೆ. ಶನಿವಾರ ಬಾಗಿಲು ಮತ್ತೆ ಮುಚ್ಚಿತು. ಉಂಡೆಗಳು ಕೋಳಿಗಳ ಪಾಲಾದವು.

ಮಂಗಳವಾರ ಹೋಗಿ ಹೇಳಿದರೆ ಪ್ರವೀಣ್ ಬೈಯಲಿಲ್ಲ, ನಕ್ಕರು. ಹೆಚ್ಚಾಯಿತು ಅಜ್ಜಿ, ಚಿಕ್ಕದು ಮಾಡೋಣ ಎಂದು ಹತ್ತು ನಿಮಿಷವನ್ನು ಎರಡು ಉಂಡೆಗೆ ಇಳಿಸಿದರು. ತಪ್ಪಿದರೆ ಬೈಯುವಂತಿಲ್ಲ, ಮಾಡಿದರೆ ಮೆರವಣಿಗೆ ಇಲ್ಲ. ಮುಂದಿನ ಹೆಜ್ಜೆ ಅವಳದೇ. ನಾನು ಕರೆಯುವುದು ಒಂದೇ ಸಲ, ಆಮೇಲೆ ಬಾಯಿಗೆ ಬೀಗ.

ಬುಧವಾರ ಐದು ಗಂಟೆಗೆ ಒಂದೇ ಸಲ ಕರೆದೆ. ಸದ್ದಿಲ್ಲ. ಇನ್ನೊಂದು ಸಲ ಕರೆಯಲು ಬಾಯಿ ತೆರೆದು ಸೆರಗು ತುರುಕಿಕೊಂಡೆ. ಕೂದಲು ಕೆದರಿಕೊಂಡು, ಮುಖ ಊದಿಸಿಕೊಂಡು ಬಂದಳು.

"ನಂಗೇನೂ ಮನ್ಸಿಲ್ಲ ಅಜ್ಜಿ," ಎಂದಳು. ಹಾಗೆನ್ನುತ್ತಲೇ ಒರಳಿನ ಹಿಡಿ ಹಿಡಿದು ತಿರುಗಿಸಿದಳು.

ಎರಡು ಉಂಡೆ ಒತ್ತಿ ಹೋಗಿ ಹಾಳೆಯಲ್ಲಿ ಮೂರು ಎಂದು ಬರೆದಳು. ಮುಂದಿನ ವಾರಗಳಲ್ಲಿ ಮೂರು ಐದಾಯಿತು, ಒಂದು ದಿನ ಎರಡಕ್ಕೂ ಬಿತ್ತು. ಆದರೂ ಶನಿವಾರ ಬಂದಳು. ಅವಳೇ ಇನ್ನೊಂದು ಬರೆದುಕೊಂಡಳು, ಬಸ್‌ಸ್ಟಾಪಿನ ತನಕ ನಡಿಗೆ. ಆಮೇಲೆ ಆತಿಕಾಳಿಗೆ ಒಂದು ಮೆಸೇಜು. ನನಗೆ ಹೊಟ್ಟೆಯೆಲ್ಲ ಪ್ರಶ್ನೆ, ಒಂದನ್ನೂ ಕೇಳಲಿಲ್ಲ. ಬೇಕಾದರೆ ಕಮಲಮ್ಮನನ್ನು ಕೇಳಿ, ನಾನು ತಲೆ ತಿಂದದ್ದು ಅವಳದು.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅಕ್ಕಿ ಹಿಟ್ಟಿನ ಡಬ್ಬಿ ತೆಗೆದೆ. ನಯನಾ ಬಾಗಿಲಲ್ಲಿ ನಿಂತಿದ್ದಳು, ತಲೆ ಬಾಚಿಕೊಂಡು.

"ಇವತ್ತು ನಂಗೆ ಬರಕ್ಕಾಗಲ್ಲ ಅಜ್ಜಿ," ಎಂದಳು.

ಏನೂ ಕೇಳಬಾರದು, ಏನೂ ಕೇಳಬಾರದು.

"ಐದ್ ಗಂಟೆಗೆ ತ್ರೋಬಾಲ್ ಐತೆ," ಎಂದಳು. "ಆತಿಕಾ ಬಸ್‌ಸ್ಟಾಪಲ್ಲಿ ಕಾಯ್ತವ್ಳೆ."

ನಾನು ಸರಿ ಕಣೆ ಎಂದೆ, ಅಷ್ಟೇ. ಅವಳು ತಿರುವು ದಾಟುವವರೆಗೆ ಹಲ್ಲು ಕಚ್ಚಿ ನಿಂತಿದ್ದು, ಆಮೇಲೆ ಅಡುಗೆಮನೆಯಲ್ಲಿ ಕೂತು ಮನಸಾರೆ ಅತ್ತೆ. ಆ ಸಂಜೆ ಶ್ಯಾವಿಗೆ ಆಗಲೇ ಇಲ್ಲ.